ಒಂದೇ ಕೇಬಲ್‌ನಲ್ಲಿ ಪವರ್, ಪರದೆ, ಡೇಟಾ: ಯುಎಸ್‌ಬಿ-ಸಿ ಹಬ್ ಜೋಡಿಸುವ ಸರಿಯಾದ ಕ್ರಮ

ಹಬ್ ಕೊಂಡವರಿಂದ ಮೂರು ದೂರು ಮತ್ತೆ ಮತ್ತೆ ಬರುತ್ತವೆ. ದೊಡ್ಡ ಪರದೆಯಲ್ಲಿ ಮೌಸ್ ತಡೆದು ತಡೆದು ಓಡುತ್ತದೆ. ಚಾರ್ಜರ್ ಹಾಕಿದ್ದರೂ ಬ್ಯಾಟರಿ ಇಳಿಯುತ್ತದೆ. ಕಾಪಿ ಆಗುತ್ತಿರುವಾಗಲೇ ಹಾರ್ಡ್ ಡಿಸ್ಕ್ ಮಾಯವಾಗುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಹಬ್ ಕೆಟ್ಟಿದೆ ಎಂದು ವಾಪಸ್ ಕೊಟ್ಟು ಅಂಥದ್ದೇ ಇನ್ನೊಂದು ತರುತ್ತಾರೆ. ಅದೂ ಹಾಗೇ ಆಡುತ್ತದೆ. ಯಾಕೆಂದರೆ ಕೆಟ್ಟಿರುವುದು ಹಬ್ ಅಲ್ಲ, ನಾವು ನೋಡಿದ ಕ್ರಮ. ಎಷ್ಟು ಪೋರ್ಟ್ ಇವೆ ಎಂದು ಎಣಿಸಿ ಕೊಳ್ಳುತ್ತೇವೆ, ಅವುಗಳ ಹಿಂದೆ ಎಷ್ಟು ದಾರಿ ಇದೆ ಎಂದು ನೋಡುವುದಿಲ್ಲ.

ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲಿರುವ ಪರಿಚಯದ ಹುಡುಗಿಯೊಬ್ಬಳ ಮೇಜನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ವಾರಕ್ಕೆ ಮೂರು ದಿನ ರೈಲು ಹತ್ತಿ ಬೆಂಗಳೂರಿನ ಆಫೀಸಿಗೆ ಹೋಗುತ್ತಾಳೆ, ಉಳಿದ ದಿನ ಮನೆಯಿಂದಲೇ ಕೆಲಸ. ಇಂಟೆಲ್ 11ನೇ ತಲೆಮಾರಿನ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್, 65 ವ್ಯಾಟ್‌ನ ಸಿ-ಟೈಪ್ ಚಾರ್ಜರ್, 27 ಇಂಚಿನ 4ಕೆ ಮಾನಿಟರ್, ಬ್ಯಾಕಪ್‌ಗೆ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್, ಏಳು ಪೋರ್ಟಿನ ಒಂದು ಹಬ್. ಮೂರು ದೂರೂ ಒಟ್ಟಿಗೆ ಇದ್ದವು. "ಅಣ್ಣಾ, ಇದನ್ನ ತಂದಾಗಿಂದ ಒಂದಲ್ಲ ಒಂದು ಕಿರಿಕ್ಕು. ಎಸೆದುಬಿಡ್ಲಾ?" ಎಂದಳು. ಎಸೆಯಬೇಡ, ಮೊದಲು ಎಲ್ಲ ಬಿಚ್ಚು ಎಂದೆ.

## ಕೈಯಲ್ಲಿ ಏನಿರಬೇಕು

ಲ್ಯಾಪ್‌ಟಾಪಿನ ಪೂರ್ತಿ ಮಾಡೆಲ್ ಸಂಖ್ಯೆ, ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಲು ಒಂದು ಫೋನ್ ಕ್ಯಾಮೆರಾ, ಹಬ್‌ನ ಡಬ್ಬಿ ಅಥವಾ ಅದರ ವಿವರದ ಹಾಳೆ, ಒಂದೆರಡು ಜಿಬಿಯ ಒಂದೇ ಫೈಲ್. ಇಷ್ಟು ಸಾಕು. ಕೇಬಲ್‌ನ ವ್ಯಾಟ್ ತೋರಿಸುವ ಪುಟ್ಟ ಮೀಟರ್ ಸಿಗುತ್ತದೆ. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

## ಹಂತ 1: ಕೇಬಲ್ ಒಳಗಿನ ದಾರಿಗಳನ್ನು ತಿಳಿದುಕೊಳ್ಳಿ

ಸಿ-ಪೋರ್ಟಿನಲ್ಲಿ 24 ಪಿನ್‌ಗಳಿವೆ. ಅವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ, ನಾಲ್ಕು ಗುಂಪು ಗೊತ್ತಿದ್ದರೆ ಸಾಕು. ಪವರ್ ಸಾಗುವ ಪಿನ್‌ಗಳು ಬೇರೆಯೇ ಇವೆ. ಪವರ್ ಎಷ್ಟು, ಯಾರು ಯಾರಿಗೆ ಕೊಡಬೇಕು, ಪರದೆ ಬೇಕೋ ಬೇಡವೋ ಎಂದು ಎರಡೂ ತುದಿ ಮಾತಾಡಿಕೊಳ್ಳುವ ಪಿನ್‌ಗಳು ಬೇರೆ. ಹಳೆಯ ಯುಎಸ್‌ಬಿ 2.0 ಜೋಡಿ ಇನ್ನೊಂದು. ಕೊನೆಯದಾಗಿ, ವೇಗದ ನಾಲ್ಕು ಲೇನ್.

ಇದನ್ನು ನಾಲ್ಕು ಪಥದ ಹೆದ್ದಾರಿ, ಪಕ್ಕದಲ್ಲೊಂದು ಸರ್ವಿಸ್ ರೋಡ್ ಎಂದುಕೊಳ್ಳಿ. ಸರ್ವಿಸ್ ರೋಡ್ ಎಂದರೆ ಯುಎಸ್‌ಬಿ 2.0, ಸೆಕೆಂಡಿಗೆ 480 ಮೆಗಾಬಿಟ್. ಹೆದ್ದಾರಿಯಲ್ಲಿ ಏನೇ ನಡೆಯಲಿ, ಅದು ತೆರೆದೇ ಇರುತ್ತದೆ. ಕೀಬೋರ್ಡ್, ಮೌಸ್ ಅಲ್ಲೇ ಓಡಾಡುತ್ತವೆ. ನಾಲ್ಕು ಪಥಗಳನ್ನು ಮಾತ್ರ ಪರದೆ ಮತ್ತು ವೇಗದ ಡೇಟಾ ಹಂಚಿಕೊಳ್ಳಬೇಕು.

ಹಂಚಿಕೆಗೆ ಎರಡೇ ದಾರಿ. ಎರಡು ಲೇನ್ ಪರದೆಗೆ, ಇನ್ನೆರಡು ಯುಎಸ್‌ಬಿ 3ಕ್ಕೆ (ಹೋಗಲು ಒಂದು, ಬರಲು ಒಂದು). ಇಲ್ಲವೇ ನಾಲ್ಕೂ ಪರದೆಗೆ. ಆಗ ಡಿಸ್ಕ್, ಇಂಟರ್ನೆಟ್, ಕಾರ್ಡ್ ರೀಡರ್ ಎಲ್ಲವೂ ಸರ್ವಿಸ್ ರೋಡ್‌ಗೆ ಇಳಿಯುತ್ತವೆ. ಸಾಮಾನ್ಯ ಹಬ್‌ಗಳಲ್ಲಿ ಈ ಹಂಚಿಕೆಯನ್ನು ತಯಾರಕರು ಮೊದಲೇ ನಿಗದಿ ಮಾಡಿರುತ್ತಾರೆ, ನಾವು ಬದಲಿಸಲು ಆಗುವುದಿಲ್ಲ. ಹೆಚ್ಚಿನವು ಎರಡು-ಎರಡು ಮಾದರಿಯವು. ಮುಂದೆ ಬರುವ ಪರದೆಯ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

## ಹಂತ 2: ಲ್ಯಾಪ್‌ಟಾಪಿನ ಪೋರ್ಟ್ ಏನು ಕೊಡುತ್ತದೆ ನೋಡಿ

ಆಕಾರ ಒಂದೇ ಇದ್ದ ಮಾತ್ರಕ್ಕೆ ಗುಣ ಒಂದೇ ಅಲ್ಲ. ಕೆಲವು ಲ್ಯಾಪ್‌ಟಾಪ್‌ಗಳ ಸಿ-ಪೋರ್ಟಿನಿಂದ ಬರೀ ಡೇಟಾ ಬರುತ್ತದೆ. ಕೆಲವದರಲ್ಲಿ ಎರಡು ಸಿ-ಪೋರ್ಟ್ ಇದ್ದು ಒಂದರಲ್ಲಿ ಮಾತ್ರ ಪರದೆ ಬರುತ್ತದೆ. ಪೋರ್ಟಿನ ಪಕ್ಕ ಮಿಂಚಿನ ಗುರುತಿದ್ದರೆ ಸಾಮಾನ್ಯವಾಗಿ ಅದು ಥಂಡರ್‌ಬೋಲ್ಟ್ ಎಂಬ ಹೆಚ್ಚು ವೇಗದ ಜಾತಿಯ ಪೋರ್ಟ್, ಡಿ ಆಕಾರದೊಳಗೆ ಪಿ ಇರುವ ಗುರುತಿದ್ದರೆ ಪರದೆ ಬರುತ್ತದೆ. ಆದರೆ ಎಷ್ಟೋ ತಯಾರಕರು ಗುರುತನ್ನೇ ಹಾಕುವುದಿಲ್ಲ. ಮಾಡೆಲ್ ಸಂಖ್ಯೆ ಹಾಕಿ ತಯಾರಕರ ವಿವರದ ಪಟ್ಟಿಯಲ್ಲಿ ಪರದೆಯ ಸಿಗ್ನಲ್‌ಗೆ "ಡಿಸ್‌ಪ್ಲೇಪೋರ್ಟ್", ಚಾರ್ಜಿಂಗ್‌ಗೆ "ಪವರ್ ಡೆಲಿವರಿ" ಎಂಬ ಎರಡು ಮಾತು ಹುಡುಕುವುದೇ ಭದ್ರ.

ಪರದೆ ಬಾರದ ಪೋರ್ಟಿಗೆ ಎಷ್ಟು ದುಬಾರಿ ಹಬ್ ಹಾಕಿದರೂ ಎಚ್‌ಡಿಎಂಐ ಕಪ್ಪಗೇ ಇರುತ್ತದೆ, ಯುಎಸ್‌ಬಿ ಮಾತ್ರ ಕೆಲಸ ಮಾಡುತ್ತದೆ. ಅಂಥ ಲ್ಯಾಪ್‌ಟಾಪಿಗೆ ಉಳಿದಿರುವುದು ಡಿಸ್‌ಪ್ಲೇಲಿಂಕ್ ಎಂಬ ಬೇರೆ ಜಾತಿಯ ಡಾಕ್, ಅಂದರೆ ದೊಡ್ಡ ಹಬ್. ಅದು ಚಿತ್ರವನ್ನು ಕುಗ್ಗಿಸಿ ಡೇಟಾದ ದಾರಿಯಲ್ಲೇ ಕಳಿಸುತ್ತದೆ. ಅದಕ್ಕೆ ಡ್ರೈವರ್ ಹಾಕಬೇಕು, ಪ್ರೊಸೆಸರ್‌ಗೂ ಸ್ವಲ್ಪ ಭಾರ ಬೀಳುತ್ತದೆ. ಲೆಕ್ಕದ ಹಾಳೆ, ಮೇಲ್ ನೋಡಲು ಸಾಕು. ವಿಡಿಯೊ ಎಡಿಟಿಂಗ್‌ಗೆ ನಾನಂತೂ ಹೇಳುವುದಿಲ್ಲ.

ನಮ್ಮ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಎರಡು ಸಿ-ಪೋರ್ಟ್, ಎರಡರಲ್ಲೂ ಪರದೆ, ಎರಡರಲ್ಲೂ ಚಾರ್ಜಿಂಗ್. ಎರಡನೆಯದನ್ನು ಅವಳು ಒಂದು ದಿನವೂ ಮುಟ್ಟಿರಲಿಲ್ಲ. ಇದನ್ನು ನೆನಪಿನಲ್ಲಿಡಿ.

## ಹಂತ 3: ಪರದೆಯ ಲೆಕ್ಕ ಹಾಕಿ

ಮೌಸ್ ತಡೆದು ಓಡುವುದರ ಕಾರಣ ಇಲ್ಲಿದೆ. ವಿಂಡೋಸ್‌ನಲ್ಲಿ Settings → System → Display → Advanced display ತೆರೆದು ಆ ಮಾನಿಟರ್ ಆರಿಸಿ. ಅವಳದ್ದರಲ್ಲಿ 30 Hz ಎಂದಿತ್ತು. ಚಿತ್ರ ಸೆಕೆಂಡಿಗೆ 60 ಸಲ ಬದಲಾಗುವ ಕಡೆ 30 ಸಲ ಮಾತ್ರ ಬದಲಾಗುತ್ತಿತ್ತು. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ. ಎಕ್ಸೆಲ್ ಹಾಳೆ ಸರಿಸುವಾಗ ಕಣ್ಣಿಗೆ ಚುಚ್ಚುತ್ತದೆ.

4ಕೆ ಎಂದರೆ 3840×2160 ಚುಕ್ಕಿ, ಪ್ರತಿ ಚುಕ್ಕಿಗೆ 24 ಬಿಟ್ ಬಣ್ಣ. ಸೆಕೆಂಡಿಗೆ 60 ಸಲ ಎಂದರೆ ಬರೀ ಚಿತ್ರಕ್ಕೇ ಸುಮಾರು 12 ಗಿಗಾಬಿಟ್ ಬೇಕು. ಸಾಲು ಸಾಲಿನ ನಡುವಿನ ಬಿಡುವೂ ಸೇರಿದರೆ ಹನ್ನೆರಡೂವರೆ ದಾಟುತ್ತದೆ. 30 ಸಲಕ್ಕೆ ಅದರ ಅರ್ಧ, ಆರು ಚಿಲ್ಲರೆ.

ಈಗ ದಾರಿಯ ಅಗಲ. ಡಿಸ್‌ಪ್ಲೇಪೋರ್ಟ್ 1.2ರ ಎರಡು ಲೇನ್‌ನಲ್ಲಿ ನಿಜವಾಗಿ ಸಾಗುವುದು 8.64 ಗಿಗಾಬಿಟ್. 1.4ರ ವೇಗದಲ್ಲಿ ಅದೇ ಎರಡು ಲೇನ್‌ನಲ್ಲಿ 12.96. ಅಂದರೆ ಎರಡು ಲೇನ್ ಹಬ್‌ನಲ್ಲಿ 4ಕೆ 60 ಬೇಕಿದ್ದರೆ ಲ್ಯಾಪ್‌ಟಾಪ್ 1.4 ಇರಬೇಕು, ಹಬ್‌ನ ಒಳಗಿನ ಚಿಪ್ ಕೂಡ 1.4 ಇರಬೇಕು, ಹಬ್‌ನ ಎಚ್‌ಡಿಎಂಐ ಪೋರ್ಟ್ 2.0 ಆಗಿರಬೇಕು. ಮೂರರಲ್ಲಿ ಒಂದು ಹಳತಾದರೂ 30ಕ್ಕೆ ಇಳಿಯುತ್ತದೆ, ಯಾವುದು ಹಳತು ಎಂದು ಯಾರೂ ಹೇಳುವುದಿಲ್ಲ.

ಇವಳ ಲ್ಯಾಪ್‌ಟಾಪ್ 1.4ರದ್ದೇ, ಮಾನಿಟರೂ ಸರಿ. ಹಬ್‌ನ ಡಬ್ಬಿಯ ಮುಂದೆ ದೊಡ್ಡದಾಗಿ 4ಕೆ ಎಂದಿತ್ತು. ತಿರುಗಿಸಿ ನೋಡಿದರೆ ಹಿಂದೆ ಇರುವೆ ಗಾತ್ರದಲ್ಲಿ 30 ಹರ್ಟ್ಸ್. ಕೊಳ್ಳುವಾಗ ಓದಬೇಕಾದ ಸಾಲು ಇದೊಂದೇ, ಅಂಗಡಿಯಲ್ಲಿ ಯಾರೂ ಓದದ ಸಾಲೂ ಇದೇ.

ಇಂಥ ಹಬ್ ಈಗಾಗಲೇ ಮನೆಯಲ್ಲಿದ್ದರೆ ಖರ್ಚಿಲ್ಲದ ಒಂದು ಉಪಾಯವಿದೆ. ಪರದೆಯ ಅಳತೆಯನ್ನು 2560×1440ಕ್ಕೆ ಇಳಿಸಿ. ಅದಕ್ಕೆ 60 ಹರ್ಟ್ಸ್‌ನಲ್ಲೂ ಆರು ಗಿಗಾಬಿಟ್ ಒಳಗೇ ಸಾಕು. ಇಳಿಸಿದ ಕೂಡಲೇ ಅವಳ ಪಟ್ಟಿಯಲ್ಲಿ 60 Hz ಕಾಣಿಸಿತು, ಮೌಸ್ ನುಣ್ಣಗಾಯಿತು. ಅಕ್ಷರ ಒಂದು ಗುಲಗಂಜಿಯಷ್ಟು ಮಸುಕು, ಅಷ್ಟೆ. ದೋಷ ಮಾನಿಟರಿನದ್ದಲ್ಲ, ಹಬ್‌ನ ಮಿತಿ ಎಂದು ಖಾತ್ರಿ ಮಾಡಿಕೊಳ್ಳಲೂ ಇದೇ ಪರೀಕ್ಷೆ.

ಇಲ್ಲಿ ಎರಡು ಎಚ್ಚರಿಕೆ. ಮಾನಿಟರ್ ಬದಲು 4ಕೆ ಟಿವಿ ಇಟ್ಟುಕೊಂಡವರಿಗೆ 60 ಸಿಕ್ಕರೂ ಕೆಂಪು ಅಕ್ಷರದ ಅಂಚು ಹರಡಿದಂತೆ ಕಾಣಬಹುದು. ಟಿವಿಗಳು ಸಾಮಾನ್ಯವಾಗಿ ಕೇಳುವ ಸಿಗ್ನಲ್‌ನಲ್ಲಿ ಬಿಡುವು ಹೆಚ್ಚು, ಅದು 12.96ರೊಳಗೆ ಹಿಡಿಯುವುದಿಲ್ಲ. ಹಾಗಾಗಿ ಬಣ್ಣದ ವಿವರವನ್ನು ಕತ್ತರಿಸಿ ಕಳಿಸಲಾಗುತ್ತದೆ. ಇನ್ನೊಂದು, ಎರಡು ಎಚ್‌ಡಿಎಂಐ ಇರುವ ಸಾಮಾನ್ಯ ಹಬ್‌ಗೆ ಮ್ಯಾಕ್‌ಬುಕ್ ಜೋಡಿಸಿದರೆ ಎರಡೂ ಪರದೆಯಲ್ಲಿ ಒಂದೇ ಚಿತ್ರ ಬರುತ್ತದೆ. ಒಂದೇ ಸಿಗ್ನಲನ್ನು ಎರಡಾಗಿ ಒಡೆಯುವ ಎಂಎಸ್‌ಟಿ ವಿಧಾನದಲ್ಲಿ ಬೇರೆ ಬೇರೆ ಚಿತ್ರ ಕೊಡುವುದನ್ನು ಮ್ಯಾಕ್‌ಓಎಸ್ ಒಪ್ಪುವುದಿಲ್ಲ. ಅದೇ ಹಬ್ ವಿಂಡೋಸ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ. ಎರಡು 1080 ಪರದೆಗೆ 8.64 ಗಿಗಾಬಿಟ್ ಧಾರಾಳ ಸಾಕು.

## ಹಂತ 4: ಪವರ್ ಎಲ್ಲಿ ಸೋರುತ್ತದೆ ಹುಡುಕಿ

ಚಾರ್ಜರನ್ನು ಹಬ್‌ಗೆ ಹಾಕಿ, ಹಬ್‌ನಿಂದ ಲ್ಯಾಪ್‌ಟಾಪಿಗೆ ಪವರ್ ಹರಿಸುವುದು ಸಾಮಾನ್ಯ ರೂಢಿ. ಆಗ ನಡುವೆ ಹಬ್ ತನ್ನ ಪಾಲು ಎತ್ತಿಟ್ಟುಕೊಳ್ಳುತ್ತದೆ. ತನ್ನ ಚಿಪ್‌ಗಳಿಗೆ, ಪೋರ್ಟ್‌ಗಳಿಗೆ ಹಾಕುವ ಡಿಸ್ಕ್, ಮೌಸ್‌ಗಳಿಗೆ ಎಂದು 10ರಿಂದ 15 ವ್ಯಾಟ್ ಮೊದಲೇ ಕಳೆದು, ಉಳಿದದ್ದನ್ನಷ್ಟೇ ಲ್ಯಾಪ್‌ಟಾಪಿಗೆ "ಇಷ್ಟಿದೆ" ಎಂದು ಹೇಳುತ್ತದೆ. ಪೋರ್ಟ್‌ಗಳು ಖಾಲಿ ಇದ್ದರೂ ಈ ಕಡಿತ ತಪ್ಪುವುದಿಲ್ಲ. 65 ವ್ಯಾಟ್ ಚಾರ್ಜರ್‌ನಿಂದ ಲ್ಯಾಪ್‌ಟಾಪಿಗೆ ಮುಟ್ಟುವುದು 50ರ ಆಸುಪಾಸು.

ಇನ್ನೊಂದು ಸೋರಿಕೆ ಕೇಬಲ್‌ನಲ್ಲಿದೆ. ಸಾಮಾನ್ಯ ಸಿ-ಟೈಪ್ ಕೇಬಲ್ 3 ಆಂಪಿಯರ್‌ವರೆಗೆ ಮಾತ್ರ. 20 ವೋಲ್ಟ್‌ಗೆ ಅದು 60 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಿದ್ದರೆ ಕೇಬಲ್ ಒಳಗೊಂದು ಪುಟ್ಟ ಚಿಪ್ ಇರಬೇಕು. "ನಾನು 5 ಆಂಪಿಯರ್ ತಾಳುತ್ತೇನೆ" ಎಂದು ಚಾರ್ಜರ್‌ಗೆ ಹೇಳುವುದು ಅದೇ. ಕೇಬಲ್ ಮೇಲೆ ಅಥವಾ ಡಬ್ಬಿಯ ಮೇಲೆ 100 ಅಥವಾ 240 ವ್ಯಾಟ್ ಎಂದಿದ್ದರೆ ಆ ಚಿಪ್ ಇದೆ ಎಂದರ್ಥ.

ಫೋನ್ ಚಾರ್ಜರ್ ಹಾಕುವವರೂ ಇದ್ದಾರೆ. ಅದರ ಮೇಲೆ 67 ಅಥವಾ 80 ವ್ಯಾಟ್ ಎಂದು ಬರೆದಿದ್ದರೂ ಆ ಶಕ್ತಿ ಅದೇ ಕಂಪನಿಯ ಫೋನಿಗೆ ಮಾತ್ರ ಮೀಸಲಾಗಿರಬಹುದು. ಹಿಂಬದಿಯಲ್ಲಿ ಪವರ್ ಡೆಲಿವರಿಯ ಸಾಲಿನಲ್ಲಿ 20 ವೋಲ್ಟ್ ಇದೆಯೇ, ಅದರ ಪಕ್ಕ ಎಷ್ಟು ಆಂಪಿಯರ್ ಇದೆ ನೋಡಿ. ಎರಡನ್ನೂ ಗುಣಿಸಿದರೆ ಬಂದದ್ದೇ ಲ್ಯಾಪ್‌ಟಾಪಿನ ಪಾಲು.

ಬ್ಯಾಟರಿ ನಿಜವಾಗಿ ಇಳಿಯುತ್ತಿದೆಯೇ ಎಂದು ನೋಡಲು, ಕೆಲಸದ ಮಧ್ಯದಲ್ಲಿ ಪವರ್‌ಶೆಲ್‌ನಲ್ಲಿ ಇದನ್ನು ಹೊಡೆಯಿರಿ:

```
Get-CimInstance -Namespace root/wmi -ClassName BatteryStatus
```

PowerOnline ಎದುರು True ಇದ್ದೂ DischargeRate ಸೊನ್ನೆಗಿಂತ ಹೆಚ್ಚಿದ್ದರೆ, ಚಾರ್ಜರ್ ಸಾಲದೆ ಬ್ಯಾಟರಿಯಿಂದಲೂ ಎಳೆಯುತ್ತಿದೆ ಎಂದು ಅರ್ಥ. ಅಂಕಿ ಮಿಲಿವ್ಯಾಟ್‌ನಲ್ಲಿರುತ್ತದೆ. ಕೆಲಸವಿಲ್ಲದಾಗ ಸೊನ್ನೆ ತೋರಿಸಿದ ಅವಳ ಲ್ಯಾಪ್‌ಟಾಪ್, ವಿಡಿಯೊ ಮೀಟಿಂಗ್ ಶುರುವಾದ ಮೇಲೆ ಆರೇಳು ಸಾವಿರ ತೋರಿಸಿತು, ಅಂದರೆ ಆರೇಳು ವ್ಯಾಟ್ ಕೊರತೆ. ಅದಕ್ಕೇ ಬೆಳಗ್ಗೆ ತುಂಬಿದ್ದ ಬ್ಯಾಟರಿ ಸಂಜೆಯ ಹೊತ್ತಿಗೆ ಕರಗುತ್ತಿದ್ದದ್ದು.

ಪರಿಹಾರ ಎರಡು. ಹಬ್ 100 ವ್ಯಾಟ್ ಒಳತೆಗೆದುಕೊಳ್ಳುವಂಥದ್ದಾದರೆ 100 ವ್ಯಾಟ್ ಚಾರ್ಜರ್, 5 ಆಂಪಿಯರ್ ಕೇಬಲ್ ಹಾಕಿ. ಇಲ್ಲವೇ, ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಆಗುವ ಎರಡನೇ ಸಿ-ಪೋರ್ಟ್ ಇದ್ದರೆ ಚಾರ್ಜರನ್ನು ನೇರ ಅಲ್ಲಿಗೇ ಹಾಕಿ. ಹಬ್ ತನಗೆ ಬೇಕಾದ ಅಲ್ಪಸ್ವಲ್ಪವನ್ನು ಲ್ಯಾಪ್‌ಟಾಪಿನಿಂದ ತೆಗೆದುಕೊಳ್ಳುತ್ತದೆ. ಸುಮ್ಮನೆ ಎತ್ತಿಟ್ಟುಕೊಳ್ಳುವ 15 ವ್ಯಾಟ್‌ನ ಕಡಿತ ತಪ್ಪುತ್ತದೆ. "ಒಂದೇ ಕೇಬಲ್ ಅಂತ ತಾನೇ ಅಣ್ಣ ಇದನ್ನ ತಂದಿದ್ದು?" ಎಂದಳು. ನಿಜ. ಆದರೆ ಮುಂದಿನ ಹಂತವನ್ನೂ ಕೇಳಿದ ಮೇಲೆ ಎರಡನೇ ಕೇಬಲ್‌ಗೆ ಅವಳೇ ಒಪ್ಪಿದಳು.

## ಹಂತ 5: ಡಿಸ್ಕ್ ಮಾಯವಾಗುವುದನ್ನು ನಿಲ್ಲಿಸಿ

ಯಾವಾಗ ಹೀಗಾಗುತ್ತದೆ ಎಂದು ಬರೆದಿಡಲು ಹೇಳಿದ್ದೆ. ನಾಲ್ಕು ದಿನದ ಪಟ್ಟಿಯಲ್ಲಿ ಪ್ರತಿ ಸಲವೂ ಪಕ್ಕದಲ್ಲಿ ಒಂದೇ ಕಾರಣ: ಕರೆಂಟು ಹೋಯಿತು, ಅಥವಾ ಬಂತು.

ಮನೆಯಲ್ಲಿ ಇನ್ವರ್ಟರ್ ಇದ್ದರೂ ಈ ಮೇಜಿನ ಸಾಕೆಟ್ ಅದರ ಲೈನಿನಲ್ಲಿರಲಿಲ್ಲ. ಕರೆಂಟು ಇರುವಾಗ ಪವರ್ ಚಾರ್ಜರ್‌ನಿಂದ ಹಬ್‌ಗೆ, ಹಬ್‌ನಿಂದ ಲ್ಯಾಪ್‌ಟಾಪಿಗೆ ಹರಿಯುತ್ತದೆ. ಹೋದ ಕ್ಷಣ ಹರಿವು ಹಿಂದುಮುಂದಾಗಿ, ಲ್ಯಾಪ್‌ಟಾಪೇ ಹಬ್‌ಗೆ ಕೊಡಬೇಕು. ಈ ಅದಲುಬದಲಿನ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಪವರ್ ತಪ್ಪುತ್ತದೆ. ಅಗ್ಗದ ಹಬ್‌ಗಳಲ್ಲಿ ಅಷ್ಟಕ್ಕೇ ಎಲ್ಲ ಪೋರ್ಟೂ ಆಫ್ ಆಗಿ ಆನ್ ಆಗುತ್ತವೆ. ಮೌಸ್ ಮತ್ತೆ ಎದ್ದು ಕೂರುತ್ತದೆ. ಬರೆಯುತ್ತಿದ್ದ ಡಿಸ್ಕ್ ಅರ್ಧ ಬರೆದು ನಿಲ್ಲುತ್ತದೆ, ಫೈಲ್ ಹಾಳಾಗಬಹುದು. ನಾವೇ ಹಬ್‌ನಿಂದ ಚಾರ್ಜರ್ ಎಳೆದರೂ, ಹೊಸದಾಗಿ ಸಿಕ್ಕಿಸಿದರೂ ಹೀಗೇ ಆಗುತ್ತದೆ.

ಹಾಗಾಗಿ ಜೋಡಿಸುವ ಕ್ರಮ ತಪ್ಪಬಾರದು. ಮೊದಲು ಚಾರ್ಜರ್ ಹಬ್‌ಗೆ, ಆಮೇಲೆ ಹಬ್ ಲ್ಯಾಪ್‌ಟಾಪಿಗೆ, ಪರದೆ ಬಂದ ಮೇಲೆ ಕೊನೆಗೆ ಡಿಸ್ಕ್. ಬಿಚ್ಚುವಾಗ ಡಿಸ್ಕನ್ನು ಎಜೆಕ್ಟ್ ಮಾಡಿ ಮೊದಲು ತೆಗೆಯಿರಿ.

ಕರೆಂಟು ಮಾತ್ರ ನಮ್ಮ ಕ್ರಮ ಕೇಳುವುದಿಲ್ಲ. ಚಾರ್ಜರನ್ನು ಎರಡನೇ ಪೋರ್ಟಿಗೆ ಬದಲಿಸಿದರೆ ಹಬ್‌ಗೆ ಯಾವಾಗಲೂ ಲ್ಯಾಪ್‌ಟಾಪಿನ ಪವರ್ರೇ, ಹರಿವು ತಿರುಗುವ ಪ್ರಶ್ನೆಯೇ ಇಲ್ಲ. ಹಾಗೆ ಮಾಡಿದ ಮೇಲೆ ಗೋಡೆಯ ಸ್ವಿಚ್ಚನ್ನು ಬೇಕೆಂದೇ ಹತ್ತು ಸಲ ಆರಿಸಿ ಹಾಕಿದೆವು. ಕಾಪಿ ಒಮ್ಮೆಯೂ ನಿಲ್ಲಲಿಲ್ಲ. ಒಂದೇ ಸಿ-ಪೋರ್ಟ್ ಇರುವವರು ಡಿಸ್ಕನ್ನು ಹಬ್ ಬಿಟ್ಟು ಲ್ಯಾಪ್‌ಟಾಪಿನ ಸ್ವಂತ ಯುಎಸ್‌ಬಿ ಪೋರ್ಟಿಗೆ ಹಾಕುವುದು ಒಳ್ಳೆಯದು. ಚಾರ್ಜರನ್ನು ಇನ್ವರ್ಟರ್ ಲೈನಿಗೆ ಸೇರಿಸುವುದಾದರೆ ಇನ್ವರ್ಟರ್ ಮೇಲೆ ಯುಪಿಎಸ್ ಮೋಡ್ ಗುಂಡಿ ಇದೆಯೇ ನೋಡಿ. ಆ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವುದು ಬೇಗ.

## ಹಂತ 6: ಕೇಬಲ್ ಮತ್ತು ವೇಗ ಪರೀಕ್ಷಿಸಿ

ಹಬ್‌ನದ್ದೇ ಗಿಡ್ಡ ಕೇಬಲ್ ಇದ್ದರೆ ಚಿಂತೆಯಿಲ್ಲ. ಅದಕ್ಕೆ ಎಕ್ಸ್‌ಟೆನ್ಷನ್ ಮಾತ್ರ ಸೇರಿಸಬೇಡಿ, ಪರದೆ ಮಿಣುಕಲು ಶುರುವಾಗುತ್ತದೆ. ಕೇಬಲ್ ಬೇರೆ ಮಾಡಬಹುದಾದ ಡಾಕ್‌ಗಳಲ್ಲಿ ಜನ ಫೋನಿನ ಕೇಬಲ್ ಸಿಕ್ಕಿಸಿ ಕೂರುತ್ತಾರೆ. ಹೆಚ್ಚಿನ ಫೋನ್ ಕೇಬಲ್‌ನಲ್ಲಿ ಹೆದ್ದಾರಿಯೇ ಇಲ್ಲ, ಪವರ್ ಮತ್ತು ಸರ್ವಿಸ್ ರೋಡ್ ಮಾತ್ರ. ಚಾರ್ಜ್ ಆಗುತ್ತಿದೆ, ಮೌಸ್ ಓಡುತ್ತಿದೆ, ಪರದೆ ಮಾತ್ರ ಬರುತ್ತಿಲ್ಲ ಎಂದರೆ ಮೊದಲ ಅನುಮಾನ ಕೇಬಲ್ ಮೇಲೆ.

ವೇಗ ನೋಡಲು ಆ ದೊಡ್ಡ ಫೈಲನ್ನು ಡಿಸ್ಕಿಗೆ ಕಾಪಿ ಮಾಡಿ. ಸೆಕೆಂಡಿಗೆ 30ರಿಂದ 40 ಮೆಗಾಬೈಟ್‌ನಲ್ಲೇ ನಿಂತಿದ್ದರೆ ಸರ್ವಿಸ್ ರೋಡ್‌ನಲ್ಲಿದ್ದೀರಿ. ಕೇಬಲ್ ತಪ್ಪಿರಬೇಕು, ಡಿಸ್ಕನ್ನು ಹಬ್‌ನ 2.0 ಪೋರ್ಟಿಗೆ ಹಾಕಿರಬೇಕು, ಅಥವಾ ಹಬ್ ನಾಲ್ಕೂ ಲೇನನ್ನು ಪರದೆಗೆ ಕೊಟ್ಟಿರಬೇಕು. ತಿರುಗುವ ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ನೂರರ ಆಸುಪಾಸು ಮುಟ್ಟುತ್ತದೆ. ಲಿನಕ್ಸ್ ಬಳಸುವವರಿಗೆ ಇನ್ನೂ ಸುಲಭ:

```
lsusb -t
```

ಡಿಸ್ಕಿನ ಸಾಲಿನ ಕೊನೆಯಲ್ಲಿ 480M ಇದ್ದರೆ ನಿಧಾನದ ದಾರಿ, 5000M ಅಥವಾ 10000M ಇದ್ದರೆ ವೇಗದ್ದು.

ವೈರ್‌ಲೆಸ್ ಮೌಸ್ ಡಿಸ್ಕ್ ಓಡುವಾಗ ಮಾತ್ರ ಜಿಗಿದಾಡಿದರೆ, ಅದರ ರಿಸೀವರ್ ಡಿಸ್ಕಿನ ಪಕ್ಕದಲ್ಲೇ ಇದೆಯೇ ನೋಡಿ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ಅಲೆಗಳ ಮೇಲೆ ಬೀಳುತ್ತದೆ. ರಿಸೀವರನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿದರೆ ಸರಿಹೋಗುತ್ತದೆ.

## ಹಬ್ ಸಾಲದು ಎಂದು ಯಾವಾಗ ಒಪ್ಪಿಕೊಳ್ಳಬೇಕು

ಎರಡು 4ಕೆ ಪರದೆ 60 ಹರ್ಟ್ಸ್‌ನಲ್ಲಿ, ಜೊತೆಗೆ ವೇಗದ ಡಿಸ್ಕ್ ಬೇಕೆಂದರೆ ಸಣ್ಣ ಹಬ್‌ನ ನಾಲ್ಕು ಲೇನ್ ಹಂಚಿಕೆಗೆ ಅದು ದಕ್ಕದು. ಲ್ಯಾಪ್‌ಟಾಪಿನಲ್ಲಿ ಥಂಡರ್‌ಬೋಲ್ಟ್ 4 ಇದ್ದರೆ, ತನ್ನದೇ ಅಡಾಪ್ಟರ್ ಇರುವ ಥಂಡರ್‌ಬೋಲ್ಟ್ ಡಾಕ್ ತನ್ನಿ. ಅದರಲ್ಲಿ 40 ಗಿಗಾಬಿಟ್‌ನ ದಾರಿಯೊಳಗೆ ಪರದೆ, ಡೇಟಾ ಎರಡೂ ಬೆರೆತು ಸಾಗುತ್ತವೆ, ಲೇನ್ ಹಂಚಿಕೊಳ್ಳುವ ಜಗಳವಿಲ್ಲ. ಲ್ಯಾಪ್‌ಟಾಪಿನಲ್ಲಿ ಥಂಡರ್‌ಬೋಲ್ಟ್ ಇಲ್ಲದೆ ಅಂಥ ಡಾಕ್ ತಂದರೆ ದುಡ್ಡು ದಂಡ. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಗೇಮಿಂಗ್ ಲ್ಯಾಪ್‌ಟಾಪಿನವರು ಪವರ್ ವಿಷಯದಲ್ಲಿ ಹಬ್ ನಂಬಬೇಡಿ, ಮೂಲ ಚಾರ್ಜರ್ ಹಾಕಿಯೇ ಇರಿ.

ಹಬ್ ಬೆಚ್ಚಗಾಗುವುದು ಸಹಜ. ಬೆರಳು ಇಡಲಾಗದಷ್ಟು ಸುಟ್ಟರೆ, ಸುಟ್ಟ ವಾಸನೆ ಬಂದರೆ, ಸಿ-ಪ್ಲಗ್ ಅಲುಗಿದಾಗಲೆಲ್ಲ ಪರದೆ ಹೋಗಿ ಬಂದರೆ ಅದನ್ನು ಬಳಸುವುದು ನಿಲ್ಲಿಸಿ. ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಲ್ಯಾಪ್‌ಟಾಪಿನ ಬಿಸಿಗಾಳಿ ಬರುವ ಬದಿಯಿಂದ ದೂರವಿಡಿ. ಹಬ್ ಮೇಲೆ ಪುಸ್ತಕ ಪೇರಿಸಬೇಡಿ.

ಅವಳ ಮೇಜಿನಲ್ಲಿ ಈಗ ಎರಡು ಕೇಬಲ್. ಚಾರ್ಜರ್ ನೇರ ಎರಡನೇ ಪೋರ್ಟಿಗೆ, ಮೀಟಿಂಗ್ ನಡೆಯುವಾಗಲೂ DischargeRate ಸೊನ್ನೆ. 1440ರಲ್ಲಿ ಎರಡು ವಾರ ಕೆಲಸ ಮಾಡಿ ನೋಡಿ, ಆಮೇಲೆ 4ಕೆ 60 ಎಂದು ಹಿಂಬದಿಯಲ್ಲೂ ಬರೆದಿರುವ ಹಬ್ ಒಂದನ್ನು ತಂದಳು. ಹಳೆಯದು ರೈಲಿನ ಬ್ಯಾಗಿನಲ್ಲಿದೆ, ಆಫೀಸಿನ ಪ್ರೊಜೆಕ್ಟರ್‌ಗೆ ಹಾಕಲು. ಅದಕ್ಕೆ ಬೇಕಿರುವುದು ಬರೀ 1080.